ದಾರ ಸಾಕಿತ್ತು, ಕತ್ತರಿಸಿದ ಲೆಕ್ಕ ತಪ್ಪಿತ್ತು

"ಮೇಡಂ, ಬಾಲ್ಕನಿಗೆ ಮ್ಯಾಕ್ರಮೆ, ಅಂದರೆ ದಾರದ ಗಂಟುಗಳಿಂದಲೇ ಮಾಡುವ ಪ್ಲಾಂಟ್ ಹ್ಯಾಂಗರ್ ಕಟ್ಟುತ್ತಿದ್ದೇನೆ. ಉದ್ದ ಒಂದು ಮೀಟರ್. ಬೇಕಾದ ಉದ್ದದ ನಾಲ್ಕು ಪಟ್ಟು ದಾರ ತಗೊಳ್ಳಿ ಅಂತ ಹೇಳಿದ್ದರು. ಅದಕ್ಕೆ 4 ಮಿ.ಮೀ. ಹತ್ತಿ ದಾರವನ್ನು 4 ಮೀಟರ್‌ನಂತೆ 8 ತುಂಡು ಮಾಡಿ, ರಿಂಗಿಗೆ ಮಡಚಿ ಹಾಕಿದೆ. ಮೇಲೆ 30 ಸೆಂ.ಮೀ. ಸುರುಳಿಯಾಗಿ ತಿರುಗುವ ಸ್ಪೈರಲ್, 10 ಸೆಂ.ಮೀ. ಖಾಲಿ, ಆಮೇಲೆ 10 ಸೆಂ.ಮೀ. ಚಪ್ಪಟೆಯಾಗಿ ಬರುವ ಸ್ಕ್ವೇರ್ ನಾಟ್. ಪಾಟ್ ಕೂರುವ ಬುಟ್ಟಿಯ ಮೊದಲ ಸಾಲು ಮುಗಿಸುವಷ್ಟರಲ್ಲಿ ಪ್ರತಿ ಜಡೆಯಲ್ಲೂ ಎರಡು ದಾರ ಒಂದು ಗೇಣೂ ಉಳಿದಿಲ್ಲ. ಇನ್ನೆರಡು ಒಂದೂಕಾಲು ಮೀಟರ್ ನೇತಾಡುತ್ತಿವೆ! ಸ್ಕ್ವೇರ್ ನಾಟ್ ಕೂಡ ಒಂದೆರಡು ಕಡೆ ತಾನಾಗಿಯೇ ತಿರುಚಿಕೊಂಡಿದೆ. ಹುರಿ ಹಾಕಿದ ದಾರ ಅಲ್ವಾ, ಅದಕ್ಕೇ ಹಾಗೆ ಅಂತ ಗೆಳತಿ ಹೇಳುತ್ತಾಳೆ. ಪಾಟ್ 15 ಸೆಂ.ಮೀ. ಅಗಲ, 14 ಸೆಂ.ಮೀ. ಎತ್ತರ ಇದೆ. ಇದನ್ನು ಬಿಚ್ಚಿ ಬಿಸಾಡಬೇಕಾ?"
— ಒಬ್ಬ ಓದುಗರು, ಮೈಸೂರು

ಬಿಸಾಡಬೇಡಿ. ನಿಮ್ಮ ಹ್ಯಾಂಗರ್ ಉಳಿಯುತ್ತದೆ, ಅದೂ ಹೊಸ ದಾರ ಕೊಳ್ಳದೆ. ಸ್ಪೈರಲ್ ಭಾಗವನ್ನು ಮುಟ್ಟಬೇಕಾಗಿಯೂ ಇಲ್ಲ. ಹೇಗೆ ಅಂತ ಮುಂದೆ ಹೇಳುತ್ತೇನೆ. ಮೊದಲು ಒಂದು ವಿಷಯ ಗಮನಿಸಿ. ನೀವು ಕತ್ತರಿಸಿದ್ದು 8 ತುಂಡು, ತಲಾ 4 ಮೀಟರ್. ಒಟ್ಟು 32 ಮೀಟರ್. ನಿಮ್ಮ ಈ ವಿನ್ಯಾಸಕ್ಕೆ ನಾನು ಲೆಕ್ಕ ಹಾಕಿ ನೋಡಿದೆ. ನನಗೂ ಬಂದದ್ದು 32 ಮೀಟರೇ. ದಾರ ಕಡಿಮೆ ಬಿದ್ದಿಲ್ಲ. ಜಾಸ್ತಿ ಬೇಕಾದ ಎಳೆಗಳಿಗೂ ಕಡಿಮೆ ಸಾಕಾದ ಎಳೆಗಳಿಗೂ ನೀವು ಒಂದೇ ಅಳತೆ ಕೊಟ್ಟಿದ್ದೀರಿ, ಅಷ್ಟೇ.

ನಿಮ್ಮ ಒಂದು ಜಡೆಯನ್ನು ಕೈಯಲ್ಲಿ ಹಿಡಿದು ನೋಡಿ. ಅದರಲ್ಲಿ ನಾಲ್ಕು ಎಳೆ ಇವೆ. ನಡುವಿನ ಎರಡು ಎಳೆ ನೆಟ್ಟಗೆ ಕೆಳಗೆ ಇಳಿಯುತ್ತವೆ, ಗಂಟಿನೊಳಗೆ ಸುಮ್ನೆ ಕೂತಿರುತ್ತವೆ. ಅವನ್ನು ಒಳ ಎಳೆ ಎನ್ನೋಣ. ಆ ಕಡೆ ಈ ಕಡೆ ಇರುವ ಎರಡು ಎಳೆಗಳು ಒಳ ಎಳೆಗಳ ಮುಂದೆ ಹಾದು, ಹಿಂದೆ ಹಾದು, ಒಂದಕ್ಕೊಂದು ಸುತ್ತಿಕೊಂಡು ಗಂಟು ಮಾಡುತ್ತವೆ. ಅವು ಕಟ್ಟುವ ಎಳೆ. 10 ಸೆಂ.ಮೀ. ಜಡೆ ಆಗುವಾಗ ಒಳ ಎಳೆ ಖರ್ಚಾಗುವುದು 10 ಸೆಂ.ಮೀ. ಮಾತ್ರ. ಕಟ್ಟುವ ಎಳೆ ಸುಮಾರು 40 ಸೆಂ.ಮೀ. ಹೋಗುತ್ತದೆ. ಖಾಲಿ ಬಿಟ್ಟ ಜಾಗದಲ್ಲಿ ಮಾತ್ರ ನಾಲ್ಕೂ ಸಮನಾಗಿ ಹೋಗುತ್ತವೆ.

"ನಾಲ್ಕು ಪಟ್ಟು" ಅನ್ನುವ ಮಾತು ಸುಳ್ಳಲ್ಲ. ಆದರೆ ಅದು ಒತ್ತಾಗಿ ಗಂಟು ಇರುವ ಜಾಗದ ಕಟ್ಟುವ ಎಳೆಗೆ ಹೇಳಿದ ಮಾತು. ಅದೂ ಒಂದೊಂದು ಎಳೆಗೆ. ದಾರವನ್ನು ಮಡಚಿ ರಿಂಗಿಗೆ ಹಾಕಿದರೆ ಒಂದು ದಾರ ಎರಡು ಎಳೆ ಆಗುತ್ತದೆ. ಹಾಗಾಗಿ ಕತ್ತರಿಸುವಾಗ ಎಂಟು ಪಟ್ಟು ಆಗಬೇಕು. ನೀವು 4 ಮೀಟರ್ ಕತ್ತರಿಸಿ ಮಡಚಿದಾಗ ಕೈಗೆ ಬಂದದ್ದು 2 ಮೀಟರ್ ಎಳೆ, ಅಂದರೆ ಎರಡೇ ಪಟ್ಟು. ನನ್ನ ತರಗತಿಗೆ ಬರುವವರಲ್ಲಿ ಅತಿ ಹೆಚ್ಚು ನೋಡುವ ತಪ್ಪು ಇದೇ. ಹಾಗಂತ ಎಲ್ಲವನ್ನೂ ಎಂಟು ಪಟ್ಟು ಕತ್ತರಿಸಿದ್ದರೆ 64 ಮೀಟರ್ ದಾರ ಬೇಕಾಗುತ್ತಿತ್ತು, ಅದರಲ್ಲಿ ಅರ್ಧ ಕತ್ತರಿ ಪಾಲಾಗುತ್ತಿತ್ತು. ಹತ್ತಿ ದಾರದ ಬೆಲೆ ನೋಡಿದರೆ ನನಗೆ ಅದು ಇಷ್ಟವಾಗುವುದಿಲ್ಲ.

ನಮ್ಮ ಹಳೇ ಅಡುಗೆಮನೆಗಳಲ್ಲಿ ಮೊಸರು, ತುಪ್ಪದ ಗಡಿಗೆ ತೂಗುಹಾಕಲು ನೆಲುವು ಇರುತ್ತಿತ್ತು ಅಲ್ವಾ? ಪ್ಲಾಂಟ್ ಹ್ಯಾಂಗರ್ ಅಂದರೆ ಅದೇ ನೆಲುವು, ಗಡಿಗೆ ಬದಲು ಗಿಡ. ಸಾದಾ ನೆಲುವಿನಲ್ಲಿ ಹಗ್ಗ ಮೇಲಿಂದ ಕೆಳಗೆ ನೇರವಾಗಿ ಇಳಿಯುತ್ತದೆ, ಗಂಟು ಇರುವುದು ಗಡಿಗೆ ಕೂರುವಲ್ಲಿ ಮಾತ್ರ. ಹಾಗಾಗಿ ಎಲ್ಲ ಹಗ್ಗವೂ ಒಂದೇ ಅಳತೆ. ಅಲಂಕಾರದ ಜಡೆ ಬಂದಾಗಲೇ ಎರಡು ಅಳತೆ ಶುರುವಾಗುವುದು.

ನಿಮ್ಮ ಕೈಯ ಅಳತೆ ಹಿಡಿಯಿರಿ

ಮೇಲೆ ನಾಲ್ಕು ಪಟ್ಟು ಎಂದೆ. ಅದು ನನ್ನ ಕೈಯ ಲೆಕ್ಕ. ನಿಮ್ಮದು ಮೂರೂವರೆ ಇರಬಹುದು, ನಾಲ್ಕೂವರೆ ಇರಬಹುದು. ಬಿಗಿಯಾಗಿ ಎಳೆದು, ಗಂಟನ್ನು ಮೇಲಕ್ಕೆ ಒತ್ತಿ ಕೂರಿಸುವವರಿಗೆ ದಾರ ಜಾಸ್ತಿ ಬೇಕು. ಏಕೆಂದರೆ ಅದೇ 10 ಸೆಂ.ಮೀ. ಜಾಗದಲ್ಲಿ ಅವರ ಗಂಟುಗಳು ಹೆಚ್ಚು ಹಿಡಿಯುತ್ತವೆ. ಸಡಿಲವಾಗಿ ಕಟ್ಟುವವರಿಗೆ ಕಡಿಮೆ ಸಾಕು.

ಇದನ್ನು ತಿಳಿಯಲು ಹತ್ತು ನಿಮಿಷ ಸಾಕು. ಅರ್ಧ ಮೀಟರ್‌ನ ಎರಡು ತುಂಡು, ಒಂದು ಮೀಟರ್‌ನ ಎರಡು ತುಂಡು ತೆಗೆದುಕೊಳ್ಳಿ. ನಾಲ್ಕರ ತಲೆಯನ್ನೂ ಸೇರಿಸಿ ಒಂದು ಗಂಟು ಹಾಕಿ, ಗಂಟಿನ ಕೆಳಗೆ ಪೆನ್ನಿನಿಂದ ನಾಲ್ಕೂ ಎಳೆಗೆ ಗುರುತು ಮಾಡಿ. ಉದ್ದದ ಎರಡು ಎಳೆಗಳಲ್ಲಿ ಗುರುತಿನಿಂದ ತುದಿಯವರೆಗೆ ಎಷ್ಟಿದೆ ಅಂತ ಅಳೆದು ಬರೆದಿಟ್ಟುಕೊಳ್ಳಿ. ಈಗ ಗಿಡ್ಡ ಎಳೆ ಒಳಗೆ, ಉದ್ದದ್ದು ಹೊರಗೆ ಇಟ್ಟುಕೊಂಡು, ಟೇಪಿನಲ್ಲಿ ಸರಿಯಾಗಿ 10 ಸೆಂ.ಮೀ. ಆಗುವವರೆಗೆ ಗಂಟು ಕಟ್ಟಿ. ಉದ್ದದ ಎಳೆಗಳಲ್ಲಿ ಉಳಿದದ್ದನ್ನು ಮತ್ತೆ ಅಳೆಯಿರಿ. ಮೊದಲು 95 ಇದ್ದು ಈಗ 55 ಇದ್ದರೆ 40 ಸೆಂ.ಮೀ. ಖರ್ಚಾಗಿದೆ. ಅದನ್ನು 10ರಿಂದ ಭಾಗಿಸಿದರೆ ನಾಲ್ಕು. ಅದು ನಿಮ್ಮ ಸಂಖ್ಯೆ. ಸ್ಪೈರಲ್‌ಗೆ ಒಮ್ಮೆ, ಸ್ಕ್ವೇರ್‌ಗೆ ಒಮ್ಮೆ ಬೇರೆಬೇರೆಯಾಗಿ ಮಾಡಿ. ಎರಡೂ ಹತ್ತಿರಹತ್ತಿರವೇ ಬರುತ್ತವೆ. ಆದರೂ ಕೆಲವರ ಕೈ ಸ್ಪೈರಲ್‌ನಲ್ಲಿ ಬಿಗಿಯಾಗುತ್ತದೆ.

"ದಪ್ಪ ದಾರಕ್ಕೆ ಇನ್ನೂ ಹೆಚ್ಚು ಪಟ್ಟು ಬೇಕು" ಅಂತಲೂ ಹೇಳುವವರಿದ್ದಾರೆ. ನಾಲ್ಕೂ ಎಳೆ ಒಂದೇ ದಪ್ಪ ಇದ್ದರೆ ಹಾಗೇನಿಲ್ಲ. ದಾರ ದಪ್ಪವಾದಾಗ ಒಂದು ಗಂಟು ನುಂಗುವ ದಾರವೂ ಹೆಚ್ಚುತ್ತದೆ, ಆ ಗಂಟಿನ ಎತ್ತರವೂ ಅಷ್ಟೇ ಹೆಚ್ಚುತ್ತದೆ. ಹಾಗಾಗಿ 3 ಮಿ.ಮೀ. ಆಗಲಿ 5 ಮಿ.ಮೀ. ಆಗಲಿ, ಪಟ್ಟು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬದಲಾಗುವುದು ಯಾವಾಗ ಅಂದರೆ, ಒಳ ಎಳೆ ಎರಡರ ಬದಲು ನಾಲ್ಕು ಇಟ್ಟಾಗ, ಅಥವಾ ದಪ್ಪ ಹಗ್ಗದ ಸುತ್ತ ಸಣ್ಣ ದಾರ ಕಟ್ಟಿದಾಗ. ಆಗ ದಾರ ಸುತ್ತಬೇಕಾದ ದಾರಿ ದೂರ, ಗಂಟಿನ ಎತ್ತರ ಮಾತ್ರ ಅಷ್ಟೇ. ಅಂಥ ಕಡೆ ಮಾದರಿ ಕಟ್ಟದೆ ಕತ್ತರಿ ಹಿಡಿಯಬೇಡಿ.

ನಿಮ್ಮ ಹ್ಯಾಂಗರ್‌ನ ಲೆಕ್ಕ

ಮೇಲಿನಿಂದ ಕೆಳಗೆ ಒಂದೇ ಒಂದು ಎಳೆಯ ಜೊತೆ ಇಳಿಯೋಣ. ರಿಂಗಿನ ಕೆಳಗೆ ಎಲ್ಲ ಎಳೆಗಳನ್ನೂ ಸೇರಿಸಿ ಬೇರೆ ದಾರ ಸುತ್ತಿ ಬಿಗಿಯುವ ಸುತ್ತು ಗಂಟಿಗೆ 5 ಸೆಂ.ಮೀ. ಆಮೇಲೆ ಸ್ಪೈರಲ್ 30, ಖಾಲಿ 10, ಸ್ಕ್ವೇರ್ 10. ಅಲ್ಲಿಗೆ 55 ಸೆಂ.ಮೀ. ಆಯಿತು, ಪಾಟಿನ ಬಾಯಿಯ ಹತ್ತಿರ ಬಂದಿರುತ್ತೇವೆ.

ಬುಟ್ಟಿಯ ಭಾಗದಲ್ಲಿ ಜನ ಸಾಮಾನ್ಯವಾಗಿ ಕಣ್ಣಳತೆ ಮಾಡುತ್ತಾರೆ. ಇಲ್ಲಿ ಎಳೆ ನೇರ ಇಳಿಯುವುದಿಲ್ಲ, ಓರೆಯಾಗಿ ಹೋಗುತ್ತದೆ. ನಿಮ್ಮ ಪಾಟಿನ ಬಾಯಿ 15 ಸೆಂ.ಮೀ. ಅಂದರೆ ಸುತ್ತಳತೆ ಸುಮಾರು 47. ನಾಲ್ಕು ಜಡೆಗೆ ಹಂಚಿದರೆ ಒಂದರಿಂದ ಇನ್ನೊಂದಕ್ಕೆ 12 ಸೆಂ.ಮೀ. ಪಕ್ಕದ ಎರಡು ಜಡೆಯ ಎಳೆಗಳು ಮಧ್ಯದಲ್ಲಿ ಸೇರುವುದರಿಂದ ಪ್ರತಿಯೊಂದೂ 6 ಸೆಂ.ಮೀ. ಅಡ್ಡ ಹೋಗಬೇಕು. ಅಷ್ಟರಲ್ಲಿ ಪಾಟಿನ ಅರ್ಧ ಎತ್ತರ, ಅಂದರೆ 7 ಸೆಂ.ಮೀ. ಕೆಳಗೂ ಇಳಿಯಬೇಕು. ಆ ಓರೆ ದಾರಿ 9 ಸೆಂ.ಮೀ.ಗಿಂತ ಒಂದು ಚೂರು ಜಾಸ್ತಿ. ಲೆಕ್ಕ ಬೇಡ ಅನ್ನುವವರು ಪಾಟ್ ಮೇಲೆ ದಾರವನ್ನು ಓರೆಯಾಗಿ ಹಿಡಿದು ನೋಡಿದರೂ ಸಾಕು, ಅಷ್ಟೇ ಬರುತ್ತದೆ.

ಹಾಗಾಗಿ ಮೊದಲ ಸಾಲಿಗೆ 9 ಸೆಂ.ಮೀ. ಖಾಲಿ, ಅಲ್ಲಿ ಎರಡು ಸ್ಕ್ವೇರ್ ನಾಟ್. 4 ಮಿ.ಮೀ. ದಾರದಲ್ಲಿ ಒಂದು ಗಂಟು ಸುಮಾರು ಒಂದು ಸೆಂ.ಮೀ. ಎತ್ತರ ಆಗುತ್ತದೆ, ಆದ್ದರಿಂದ 2 ಸೆಂ.ಮೀ. ಆಮೇಲೆ ಮತ್ತೆ 9 ಖಾಲಿ, ಮತ್ತೆ ಎರಡು ಗಂಟು. ಈ ಎರಡನೇ ಸಾಲು ಪಾಟಿನ ಬುಡದ ಅಂಚಿನ ಕೆಳಗೆ ಸರಿಯುತ್ತದೆ. ಅದೇ ಬೇಕಾದದ್ದು, ಇಲ್ಲದಿದ್ದರೆ ಪಾಟ್ ಜಾರುತ್ತದೆ. ಅಲ್ಲಿಂದ ಬುಡದ ನಡುವಿಗೆ 7, ಎಲ್ಲ ಎಳೆ ಸೇರಿಸಿ ಸುತ್ತು ಗಂಟಿಗೆ 4, ಕೊನೆಗೆ ಗೊಂಡೆಗೆ 25.

ಈಗ ಎರಡು ಲೆಕ್ಕ ಬೇರೆ ಮಾಡಿ. ಕಟ್ಟುವ ಎಳೆಗೆ ಸ್ಪೈರಲ್‌ನ 30 ಸೆಂ.ಮೀ. ನಾಲ್ಕು ಪಟ್ಟಾಗಿ 120 ಆಗುತ್ತದೆ, ಸ್ಕ್ವೇರ್‌ನ 10 ಸೆಂ.ಮೀ. 40 ಆಗುತ್ತದೆ. ಒಳ ಎಳೆಗೆ ಅವು 30 ಮತ್ತು 10 ಆಗಿಯೇ ಉಳಿಯುತ್ತವೆ.

ಬುಟ್ಟಿಯಲ್ಲಿ ಒಂದು ಚೆಂದದ ಸಂಗತಿ ನಡೆಯುತ್ತದೆ, ಗಮನಿಸಿ. ಒಂದು ಜಡೆಯ ಬಲಗಡೆಯ ಎರಡು ಎಳೆ, ಪಕ್ಕದ ಜಡೆಯ ಎಡಗಡೆಯ ಎರಡು ಎಳೆ ಸೇರಿ ಹೊಸ ನಾಲ್ಕಾಗುತ್ತವೆ. ಹಾಗೆ ಸೇರಿದಾಗ ಕಟ್ಟುವ ಎಳೆಗಳು ನಡುವೆ ಬರುತ್ತವೆ, ಒಳ ಎಳೆಗಳು ಹೊರಗೆ ಬರುತ್ತವೆ. ಅಂದರೆ ಮೊದಲ ಸಾಲನ್ನು ಕಟ್ಟುವುದು ಇಲ್ಲಿಯವರೆಗೆ ಸುಮ್ನೆ ಇದ್ದ ಎಳೆಗಳು! ಎರಡನೇ ಸಾಲಿನಲ್ಲಿ ಮತ್ತೆ ಅದಲುಬದಲು. ಹಾಗಾಗಿ ಎರಡೂ ಬಗೆಯ ಎಳೆಗೆ ಬುಟ್ಟಿಯಲ್ಲಿ ಒಂದೊಂದು ಸಾಲಿನ ಖರ್ಚು, ತಲಾ 8 ಸೆಂ.ಮೀ. ಇನ್ನೊಂದು ಸಾಲಿನಲ್ಲಿ ಬರೀ 2.

ಎಲ್ಲ ಕೂಡಿದರೆ ಕಟ್ಟುವ ಎಳೆಗೆ 239 ಸೆಂ.ಮೀ., ಒಳ ಎಳೆಗೆ 119. ಹೆಚ್ಚುಕಡಿಮೆ ಎರಡರಷ್ಟು ವ್ಯತ್ಯಾಸ. ಇದಕ್ಕೆ ಹತ್ತು ಪರ್ಸೆಂಟ್‌ನಷ್ಟು ಸೇರಿಸಿ. ಗಂಟು ಕಟ್ಟಲು ಕೈಗೆ ಹಿಡಿ ಸಿಗಬೇಕಾದರೆ ತುದಿಯಲ್ಲಿ ಹತ್ತು ಹನ್ನೆರಡು ಸೆಂ.ಮೀ. ಆದರೂ ಇರಬೇಕು, ಅದಕ್ಕೆ ಈ ಹೆಚ್ಚುವರಿ. ಆಗ 265 ಮತ್ತು 135 ಎಂದು ಇಟ್ಟುಕೊಳ್ಳಬಹುದು. ಮಡಚುವುದರಿಂದ ಎರಡರಷ್ಟು ಮಾಡಿ. 5.30 ಮೀಟರ್‌ನ ನಾಲ್ಕು ತುಂಡು, 2.70 ಮೀಟರ್‌ನ ನಾಲ್ಕು ತುಂಡು. ಒಟ್ಟು 32 ಮೀಟರ್. ಮೇಲಿನ ಮತ್ತು ಕೆಳಗಿನ ಸುತ್ತು ಗಂಟಿಗೆ ತಲಾ 1.20 ಮೀಟರ್‌ನ ಎರಡು ತುಂಡು ಬೇರೆ.

ರಿಂಗಿಗೆ ಹಾಕಿದ ಮೇಲೆ ಒಂದು ಉದ್ದದ ದಾರ, ಒಂದು ಗಿಡ್ಡ ದಾರ ಸೇರಿಸಿ ಒಂದು ಜಡೆ ಮಾಡಬೇಕು. ಉದ್ದದ ದಾರದ ಎರಡು ತುದಿ ಹೊರಗೆ, ಗಿಡ್ಡದ್ದು ಒಳಗೆ. ಇದನ್ನು ಶುರುವಿನಲ್ಲೇ ಗುಂಪು ಮಾಡಿ ರಬ್ಬರ್ ಬ್ಯಾಂಡ್ ಹಾಕಿಡಿ. ಸುತ್ತು ಗಂಟು ಬಿಗಿದ ಮೇಲೆ 16 ಎಳೆಗಳಲ್ಲಿ ಯಾವುದು ಯಾವುದರ ಜೋಡಿ ಅಂತ ಹುಡುಕುವುದು ಕಷ್ಟ.

ಈಗಿರುವುದನ್ನು ಉಳಿಸುವ ದಾರಿ

ಮೂರು ದಾರಿಗಳಿವೆ. ಎಲ್ಲ ಬಿಚ್ಚಿ ಹೊಸದಾಗಿ ಶುರು ಮಾಡುವುದು ಒಂದು. ಆದರೆ ನಿಮ್ಮ ತುಂಡುಗಳು ಈಗಾಗಲೇ 4 ಮೀಟರ್ ಆಗಿವೆ, ಬಿಚ್ಚಿದರೂ ಉದ್ದವಾಗುವುದಿಲ್ಲ. ಹುರಿ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದರೆ ಜುಂಗುಜುಂಗಾಗಿ ಹೊಳಪೂ ಹೋಗುತ್ತದೆ.

ಎರಡನೆಯದು ತುಂಡು ಜೋಡಿಸುವುದು. ಮುಗಿದ ಕಟ್ಟುವ ಎಳೆಯ ತುದಿಯನ್ನು ಒಳ ಎಳೆಗಳ ಜೊತೆ ಮಲಗಿಸಿ, ಹೊಸ ದಾರದ ತಲೆಯನ್ನೂ ಹಾಗೇ ಮಲಗಿಸಿ, ಅದರ ಮೇಲೆ ಗಂಟು ಮುಂದುವರಿಸಬಹುದು. ಒತ್ತಾದ ಜಡೆಯ ನಡುವೆ ಇದು ನಡೆಯುತ್ತದೆ. ಆದರೆ ನಿಮಗೆ ದಾರ ಮುಗಿದಿರುವುದು ಬುಟ್ಟಿಯ ಹತ್ತಿರ. ಖಾಲಿ ಜಾಗದಲ್ಲಿ ನಾಲ್ಕೂ ಎಳೆ ಭಾರ ಹೊರುತ್ತವೆ, ಅಲ್ಲಿ ಜೋಡಣೆ ಬೇಡವೇ ಬೇಡ. ಮಣ್ಣಿನ ಪಾಟ್, ನೀರು ಕುಡಿದ ಮಣ್ಣು, ಗಿಡ ಎಲ್ಲ ಸೇರಿ ನಿಮ್ಮ ಅಳತೆಗೆ ಮೂರು ಕೆಜಿ ಹತ್ತಿರ ಹೋಗುತ್ತದೆ. ಜಾರಿದರೆ ಕೆಳಗೆ ಯಾರು ನಿಂತಿರುತ್ತಾರೋ!

ನಾನು ಹೇಳುವುದು ಮೂರನೆಯದು, ಎಳೆಗಳ ಕೆಲಸ ಅದಲುಬದಲು ಮಾಡುವುದು. ಬುಟ್ಟಿಯ ಮೊದಲ ಸಾಲು ಬಿಚ್ಚಿ. ಸ್ಕ್ವೇರ್ ಭಾಗವನ್ನೂ ಬಿಚ್ಚಿ, ಹೇಗೂ ಅಲ್ಲಿ ತಿರುಚಿಕೊಂಡಿದೆ ಅಂದಿರಲ್ಲ. ಸ್ಪೈರಲ್ ಹಾಗೇ ಇರಲಿ. ಈಗ 10 ಸೆಂ.ಮೀ. ಖಾಲಿ ಜಾಗದ ಕೆಳಗೆ ಕಟ್ಟುವ ಎಳೆಯಲ್ಲಿ 65 ಸೆಂ.ಮೀ. ಉಳಿದಿರಬೇಕು, ಒಳ ಎಳೆಯಲ್ಲಿ 155. ಟೇಪ್ ಹಿಡಿದು ನೋಡಿ. ನಾಲ್ಕು ಜಡೆಯಲ್ಲೂ ಅಳೆಯಿರಿ, ಎಲ್ಲಿ ಅತಿ ಕಡಿಮೆ ಇದೆಯೋ ಅದೇ ನಿಮ್ಮ ಲೆಕ್ಕ.

ಒಳಗಿನ ಎರಡು ಉದ್ದದ ಎಳೆಗಳನ್ನು ಹೊರಗೆ ತನ್ನಿ. ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ. ಗಿಡ್ಡದಾಗಿರುವ ಎರಡನ್ನು ನಡುವೆ ಸೇರಿಸಿ. ಎಳೆ ದಾಟುವ ಜಾಗವನ್ನು ಮೊದಲ ಸ್ಕ್ವೇರ್ ನಾಟಿನ ಹತ್ತಿರ ತಂದರೆ ಅದು ಗಂಟಿನ ಹಿಂದೆ ಮರೆಯಾಗುತ್ತದೆ. ಈಗ 10 ಸೆಂ.ಮೀ. ಸ್ಕ್ವೇರ್ ಕಟ್ಟಿ. 40 ಸೆಂ.ಮೀ. ಹೋಗುವುದು ಉದ್ದದ ಎಳೆಯಿಂದ, ಗಿಡ್ಡ ಎಳೆಯಿಂದ ಬರೀ 10. ಬುಟ್ಟಿಯ ಮೊದಲ ಸಾಲನ್ನು ಈ ಸಲ ಗಿಡ್ಡ ಎಳೆ ಕಟ್ಟುತ್ತದೆ, ಎರಡನೆಯದನ್ನು ಉದ್ದದ್ದು. ಕೆಳಗಿನ ಸುತ್ತು ಗಂಟು ಮುಗಿದಾಗ ಗಿಡ್ಡ ಎಳೆಯಲ್ಲಿ 16 ಸೆಂ.ಮೀ. ಉಳಿಯುತ್ತದೆ. ಉದ್ದದ್ದನ್ನೂ ಅದಕ್ಕೆ ಸಮನಾಗಿ ಕತ್ತರಿಸಿದರೆ ಗೊಂಡೆ 25ರ ಬದಲು 16 ಆಗುತ್ತದೆ. ಅಷ್ಟೇ ನಷ್ಟ.

ಇಲ್ಲಿ ಒಂದು ಅಪಾಯ ಇದೆ. 16 ಸೆಂ.ಮೀ. ಅನ್ನುವುದು ನನ್ನ ಕೈಯ ಲೆಕ್ಕ. ಖಾಲಿ ಜಾಗದ ಕೆಳಗೆ 65ರ ಬದಲು 55 ಮಾತ್ರ ಇದ್ದರೆ ಗೊಂಡೆಗೆ ಉಳಿಯುವುದು 6. ಆಗ ಸುತ್ತು ಗಂಟು ಬಿಗಿಯುವಾಗ ಕೈಗೆ ಹಿಡಿ ಸಿಗುವುದಿಲ್ಲ. ಅಂಥ ಸಂದರ್ಭದಲ್ಲಿ ಸ್ಕ್ವೇರ್ ಜಡೆಯನ್ನು 10ರ ಬದಲು 5ಕ್ಕೆ ನಿಲ್ಲಿಸಿ, ಬುಟ್ಟಿಯ ಸಾಲುಗಳಲ್ಲಿ ಎರಡೆರಡರ ಬದಲು ಒಂದೊಂದೇ ಗಂಟು ಹಾಕಿ. ಬುಟ್ಟಿಯ ಖಾಲಿ ಜಾಗಗಳನ್ನು ಮಾತ್ರ ಕಡಿಮೆ ಮಾಡಬೇಡಿ. ಅವು ಪಾಟಿನ ಅಳತೆಗೆ ಬಂದಿರುವುದು, ಕಡಿಮೆ ಮಾಡಿದರೆ ಪಾಟ್ ಒಳಗೆ ಇಳಿಯುವುದೇ ಇಲ್ಲ.

ತಿರುಚಿಕೊಂಡದ್ದು ದಾರದ ತಪ್ಪಲ್ಲ

ನಿಮ್ಮ ಗೆಳತಿಯ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಹುರಿ ಹಾಕಿದ ದಾರಕ್ಕೆ ಭಾರ ಬಿದ್ದಾಗ ಹುರಿ ಸ್ವಲ್ಪ ಬಿಚ್ಚಿಕೊಳ್ಳಲು ನೋಡುತ್ತದೆ, ತೂಗುಹಾಕಿದ ಪಾಟ್ ಮೆಲ್ಲಗೆ ತಿರುಗುತ್ತದೆ. ಆದರೆ ಗಂಟು ತಿರುಚಿಕೊಳ್ಳುವುದು ಅದರಿಂದಲ್ಲ. ಹುರಿಯೇ ಇಲ್ಲದ, ಹೆಣೆದ ದಾರದಲ್ಲಿ ಕಟ್ಟಿದರೂ ಅದು ತಿರುಚಿಕೊಳ್ಳುತ್ತದೆ.

ಸ್ಪೈರಲ್, ಸ್ಕ್ವೇರ್ ಎರಡೂ ಒಂದೇ ಅರ್ಧ ಗಂಟಿನಿಂದ ಹುಟ್ಟುತ್ತವೆ. ಆ ಅರ್ಧ ಗಂಟನ್ನು ನಿಧಾನವಾಗಿ ಕಟ್ಟಿ ನೋಡಿ. ಎಡಗಡೆಯ ಎಳೆಯನ್ನು ಒಳ ಎಳೆಗಳ ಮುಂದಿನಿಂದ ಬಲಕ್ಕೆ ತನ್ನಿ. ಎಡಗಡೆ ಒಂದು ಕುಣಿಕೆ ಉಳಿಯುತ್ತದೆ. ಬಲಗಡೆಯ ಎಳೆಯನ್ನು ಅದರ ಮೇಲೆ ಇಟ್ಟು, ಒಳ ಎಳೆಗಳ ಹಿಂದಿನಿಂದ ಎಡಕ್ಕೆ ಒಯ್ದು, ಆ ಕುಣಿಕೆಯೊಳಗಿಂದ ಮುಂದಕ್ಕೆ ಎಳೆದುಕೊಳ್ಳಿ. ಎರಡೂ ತುದಿ ಹಿಡಿದು ಎಳೆದರೆ ಅರ್ಧ ಗಂಟು ಕೂತಿತು. ಈಗ ಎರಡು ಎಳೆಗಳು ಜಾಗ ಬದಲಿಸಿವೆ. ಎಡದ್ದು ಬಲಕ್ಕೆ ಹೋಗಿದೆ, ಬಲದ್ದು ಎಡಕ್ಕೆ ಬಂದಿದೆ.

ಮುಂದಿನ ಅರ್ಧ ಗಂಟನ್ನೂ ಎಡದಿಂದಲೇ ಶುರು ಮಾಡಿದರೆ, ಅದರ ಮುಂದಿನದ್ದನ್ನೂ ಎಡದಿಂದಲೇ ಮಾಡಿದರೆ, ಪ್ರತಿ ಗಂಟೂ ಜಡೆಯನ್ನು ಒಂದೇ ಕಡೆಗೆ ತಿರುವುತ್ತಾ ಹೋಗುತ್ತದೆ. ಅದು ಸ್ಪೈರಲ್. ಎರಡನೆಯದನ್ನು ಬಲದಿಂದ ಶುರು ಮಾಡಿದರೆ ಮೊದಲಿನ ತಿರುವನ್ನು ಅದು ವಾಪಸ್ ತರುತ್ತದೆ, ಜಡೆ ರಿಬ್ಬನ್‌ನಂತೆ ಚಪ್ಪಟೆಯಾಗಿ ಇರುತ್ತದೆ. ಅದು ಸ್ಕ್ವೇರ್. ನಿಮ್ಮ ಸ್ಕ್ವೇರ್ ಎಲ್ಲಿ ತಿರುಚಿಕೊಂಡಿದೆಯೋ ಅಲ್ಲಿ ನೀವು ಒಂದೇ ಕಡೆಯಿಂದ ಎರಡು ಸಲ ಶುರು ಮಾಡಿದ್ದೀರಿ. ಫೋನ್ ಬಂತು, ಎದ್ದು ಹೋದಿರಿ, ಬಂದು ಕೂತಾಗ ಯಾವ ಕಡೆ ಅಂತ ಮರೆತಿರಿ. ಬಹುತೇಕ ಹೀಗೇ ಆಗುವುದು.

ಇದಕ್ಕೆ ನಾನು ಎಲ್ಲರಿಗೂ ಹೇಳಿಕೊಡುವುದು ಒಂದು ಚೂರು ಬಣ್ಣದ ಇನ್ಸುಲೇಷನ್ ಟೇಪ್. ಸ್ಕ್ವೇರ್ ಶುರು ಮಾಡುವ ಮೊದಲು ಎಡಗಡೆಯ ಕಟ್ಟುವ ಎಳೆಯ ತುದಿಗೆ ಅದನ್ನು ಸುತ್ತಿ. ಸ್ಕ್ವೇರ್ ನಾಟಿನಲ್ಲಿ ಒಳ ಎಳೆಗಳ ಮುಂದೆ ಹಾಯುವುದು ಯಾವಾಗಲೂ ಒಂದೇ ಎಳೆ. ಮೊದಲು ಎಡದಿಂದ ಬಲಕ್ಕೆ, ಆಮೇಲೆ ಅದೇ ಎಳೆ ಬಲದಿಂದ ಎಡಕ್ಕೆ. ಹಾಗಾಗಿ ಎಡ, ಬಲ ನೆನಪಿಡಬೇಕಾಗಿಲ್ಲ. ಟೇಪ್ ಇರುವ ಎಳೆ ಈಗ ಎಲ್ಲಿದೆ ನೋಡಿ, ಅದನ್ನು ಮುಂದಿನಿಂದ ಹಾಯಿಸಿ. ಅಷ್ಟೇ. ಎಷ್ಟು ಹೊತ್ತು ಬಿಟ್ಟು ಬಂದರೂ ತಪ್ಪುವುದಿಲ್ಲ.

ಟೇಪ್ ಇಲ್ಲದಿದ್ದರೆ ಕೊನೆಯ ಗಂಟಿನ ಅಂಚು ನೋಡಿ. ಒಂದು ಪಕ್ಕದಲ್ಲಿ ಮೇಲಿಂದ ಕೆಳಗೆ ನಿಂತಿರುವ ಸಣ್ಣ ಉಬ್ಬು ಕಾಣುತ್ತದೆ, ಅದರ ಅಡಿಯಿಂದ ಒಂದು ಎಳೆ ಹೊರಗೆ ಬಂದಿರುತ್ತದೆ. ಮುಂದೆ ಹಾಯಬೇಕಾದದ್ದು ಆ ಎಳೆಯೇ. ಎರಡೂ ಪಕ್ಕದಲ್ಲಿ ಉಬ್ಬುಗಳು ಇದ್ದರೆ ಅತಿ ಕೆಳಗಿರುವುದನ್ನು ಹಿಡಿಯಿರಿ.

ಸ್ಪೈರಲ್‌ನಲ್ಲಿ ಬೇರೆ ತೊಂದರೆ. ನಾಲ್ಕೈದು ಅರ್ಧ ಗಂಟು ಆಗುವಷ್ಟರಲ್ಲಿ ಜಡೆ ಕಾಲು ಸುತ್ತು ತಿರುಗಿ, ಕಟ್ಟುವ ಎಳೆಗಳು ಹಿಂದಕ್ಕೂ ಮುಂದಕ್ಕೂ ಹೋಗಿರುತ್ತವೆ. ಹೊಸಬರು ಜಡೆಯನ್ನು ಬಲವಂತವಾಗಿ ಚಪ್ಪಟೆ ಹಿಡಿದು ಕಟ್ಟುತ್ತಾರೆ. ಆಗ ಗಂಟುಗಳ ನಡುವೆ ಸಂದು ಬೀಳುತ್ತದೆ, ಕೈ ಬಿಟ್ಟ ಮೇಲೆ ಸುರುಳಿ ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಸಡಿಲವಾಗಿ ಕಾಣುತ್ತದೆ. ಜಡೆ ತಿರುಗಲಿ ಬಿಡಿ. ಎಳೆಗಳು ಪೂರ್ತಿ ಅದಲುಬದಲಾದಾಗ ಜಡೆಯನ್ನೂ ಅದರ ಜೊತೆ ತಿರುಗಿಸಿಕೊಂಡು, ಈಗ ಎಡಗಡೆ ಇರುವ ಎಳೆಯಿಂದ ಮುಂದುವರಿಸಿ. ನಂತರ ಒಳ ಎಳೆ ಎರಡನ್ನೂ ಒಂದು ಕೈಯಲ್ಲಿ ಕೆಳಗೆ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯ ಬೆರಳುಗಳಿಂದ ಗಂಟುಗಳನ್ನು ಮೇಲಕ್ಕೆ ತಳ್ಳಿ.

ಬುಟ್ಟಿ ಕಟ್ಟುವ ಮುಂಚೆ

ಇದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ನಿಮ್ಮ ಸ್ಪೈರಲ್ ಈಗಲೇ ಪರೀಕ್ಷೆ ಮಾಡುವ ಹಂತದಲ್ಲಿದೆ. ನಾಲ್ಕು ಜಡೆಯ ಅರ್ಧ ಗಂಟುಗಳನ್ನು ಎಣಿಸಿ. ಮೊದಮೊದಲು ನಾನು ಟೇಪಿನಲ್ಲಿ ಉದ್ದ ಮಾತ್ರ ಅಳೆಯುತ್ತಿದ್ದೆ. ಒಂದು ಹ್ಯಾಂಗರ್‌ನಲ್ಲಿ ನಾಲ್ಕೂ ಜಡೆ 30 ಸೆಂ.ಮೀ. ಇತ್ತು, ತೂಗುಹಾಕಿದ ಎರಡು ವಾರಕ್ಕೆ ಪಾಟ್ ಒಂದು ಕಡೆ ವಾಲಿತು. ಎಣಿಸಿದಾಗ ಒಂದು ಜಡೆಯಲ್ಲಿ ಉಳಿದವುಗಳಿಗಿಂತ ಆರು ಅರ್ಧ ಗಂಟು ಕಡಿಮೆ. ಆ ಜಡೆಯನ್ನು ದಿನದ ಕೊನೆಗೆ, ಕೈ ಸೋತಾಗ ಸಡಿಲವಾಗಿ ಕಟ್ಟಿದ್ದೆ. ಅಳೆಯುವಾಗ ಉದ್ದ ಸರಿ ಇತ್ತು, ದಿನ ಕಳೆದಂತೆ ಗಂಟುಗಳು ಸರಿದು ಅದರ ಆಕಾರ ಕೆಟ್ಟಿತು. ಹಾಗಾಗಿ ಎಣಿಕೆ ಸಮ ಇರಬೇಕು, ಒತ್ತಿ ಕೂರಿಸಿದ ಮೇಲೆ ಉದ್ದವೂ ಸಮ ಇರಬೇಕು. ಎಣಿಕೆ ಸಮ ಇದ್ದು ಉದ್ದ ಬೇರೆ ಇದ್ದರೆ ಉದ್ದದ ಜಡೆಯನ್ನು ಮೇಲಕ್ಕೆ ತಳ್ಳಿ. ಸರಿಯಾಗುತ್ತದೆ.

ಸ್ಕ್ವೇರ್ ಭಾಗ ಮುಗಿದ ಮೇಲೆ ರಿಂಗನ್ನು ಬಾಗಿಲ ಹಿಡಿಗೋ ಕೊಕ್ಕೆಗೋ ಸಿಕ್ಕಿಸಿ, ನಾಲ್ಕೂ ಜಡೆಯ ಕೊನೆಯನ್ನು ಒಟ್ಟಿಗೆ ಹಿಡಿದು ಕೆಳಗೆ ಎಳೆಯಿರಿ. ಕೊನೆಯ ಗಂಟುಗಳು ಒಂದೇ ಮಟ್ಟದಲ್ಲಿ ಬಂದರೆ ಬುಟ್ಟಿಗೆ ಕೈ ಹಾಕಬಹುದು. ಬುಟ್ಟಿಯ 9 ಸೆಂ.ಮೀ.ಗೆ ಪ್ರತಿ ಸಲ ಟೇಪ್ ಹಿಡಿಯುವ ಬದಲು ಅಷ್ಟೇ ಅಗಲದ ಒಂದು ರಟ್ಟಿನ ತುಂಡು ಕತ್ತರಿಸಿಕೊಳ್ಳಿ. ಮೇಲಿನ ಗಂಟಿಗೆ ರಟ್ಟು ತಾಗಿಸಿ, ಅದರ ಕೆಳ ಅಂಚಿಗೆ ಹೊಸ ಗಂಟು ಕೂರಿಸಿ. ನಾಲ್ಕು ಕಡೆಯೂ ಒಂದೇ ಸಮ ಬರುತ್ತದೆ.

ಕೊನೆಯ ಸುತ್ತು ಗಂಟು ಹಾಕಿದ ಕೂಡಲೇ ಗೊಂಡೆ ಕತ್ತರಿಸಬೇಡಿ. ಹತ್ತಿ ದಾರ ಭಾರಕ್ಕೆ ಸ್ವಲ್ಪ ಎಳೆದುಕೊಳ್ಳುತ್ತದೆ, ಎಲ್ಲ ಎಳೆಯೂ ಒಂದೇ ಸಮ ಎಳೆದುಕೊಳ್ಳುವುದಿಲ್ಲ. ಗಿಡಕ್ಕೆ ನೀರು ಹಾಕಿ, ಪಾಟ್ ಕೂರಿಸಿ, ನೆಲದಿಂದ ಒಂದು ಗೇಣು ಎತ್ತರದಲ್ಲಿ ಒಂದು ರಾತ್ರಿ ತೂಗುಬಿಡಿ. ಬೆಳಿಗ್ಗೆ ಪಾಟ್ ವಾಲಿದ್ದರೆ ಕೆಳಗಿನ ಸುತ್ತು ಗಂಟು ಬಿಚ್ಚಿ, ವಾಲಿದ ಕಡೆಯ ಎಳೆಗಳನ್ನು ಅರ್ಧ ಸೆಂ.ಮೀ. ಕೆಳಗೆ ಎಳೆದುಕೊಂಡು ಮತ್ತೆ ಬಿಗಿಯಿರಿ. ನೆಟ್ಟಗೆ ಕೂತಿದ್ದರೆ 16 ಎಳೆಗಳನ್ನೂ ಒಟ್ಟಿಗೆ ಹಿಡಿದು, ಅತಿ ಗಿಡ್ಡ ಎಳೆಯ ಮಟ್ಟಕ್ಕೆ ಕತ್ತರಿ ಹಾಕಿ.